ಸ್ನೂಪಿಂಗ್ ಆನ್ ಇದ್ದರೂ ವಿಡಿಯೋ ಎಲ್ಲ ಪೋರ್ಟ್‌ಗಳಿಗೂ ಹರಿಯುವುದೇಕೆ?

ಪ್ರಶ್ನೆ: ನಮ್ಮ ಒಂದು ವಿಲ್ಯಾನ್‌ನಲ್ಲಿ ಮೂರು ಸ್ವಿಚ್‌ಗಳು ಮತ್ತು 24 ಕ್ಯಾಮೆರಾಗಳಿವೆ; ಪ್ರತಿ ಕ್ಯಾಮೆರಾ ಸುಮಾರು 6 ಮೆಗಾಬಿಟ್ ವೇಗದ ಮಲ್ಟಿಕಾಸ್ಟ್ ವಿಡಿಯೋ ಕಳುಹಿಸುತ್ತದೆ. ಐಜಿಎಂಪಿ ಸ್ನೂಪಿಂಗ್ ಆನ್ ಇದ್ದರೂ ವಿಡಿಯೋ ಎಲ್ಲ ಪೋರ್ಟ್‌ಗಳಿಗೂ ಹೋಗುತ್ತಿದೆ. 100 ಮೆಗಾಬಿಟ್ ಪೋರ್ಟ್‌ಗಳಲ್ಲಿರುವ ಪ್ರಿಂಟರ್ ಮತ್ತು ಬಾಗಿಲಿನ ಕಂಟ್ರೋಲರ್ ಕೈಕೊಡುತ್ತಿವೆ. ಅಪರಿಚಿತ ಮಲ್ಟಿಕಾಸ್ಟ್ ತಡೆಯುವ ಆಯ್ಕೆಯನ್ನು ಹಾಕಿದರೆ, ಕ್ಯಾಮೆರಾ ಇರುವ ಸ್ವಿಚ್‌ನಲ್ಲೇ ಇರುವ ಪರದೆಯಲ್ಲಿ ಚಿತ್ರ ನಾಲ್ಕು ನಿಮಿಷ ಬಂದು ನಿಲ್ಲುತ್ತದೆ, ಬೇರೆ ಸ್ವಿಚ್‌ನ ಪರದೆಯಲ್ಲಿ ಬರುವುದೇ ಇಲ್ಲ. 239.0.0 ಎಂದು ಶುರುವಾಗುವ ವಿಳಾಸದ ನಾಲ್ಕು ಹಳೆಯ ಕ್ಯಾಮೆರಾಗಳು ಮಾತ್ರ ಆಗಲೂ ಎಲ್ಲೆಡೆ ಹರಿಯುತ್ತವೆ, ಉಳಿದವು 239.192.40ರಲ್ಲಿವೆ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ವಿಲ್ಯಾನ್‌ನಲ್ಲಿ ಕ್ವೆರಿಯರ್ ಇಲ್ಲ. ಅದನ್ನು ಹೇಳುತ್ತಿರುವುದು ನೀವು ಗಮನಿಸಿ ಬರೆದ ಆ ನಾಲ್ಕು ನಿಮಿಷಗಳೇ. ನಾಲ್ಕು ಹಳೆಯ ಕ್ಯಾಮೆರಾಗಳದ್ದು ಬೇರೆಯದೇ ದೋಷ. ಅದಕ್ಕೆ ಕ್ವೆರಿಯರ್‌ನಿಂದ ಪರಿಹಾರ ಸಿಗುವುದಿಲ್ಲ, ವಿಳಾಸವನ್ನೇ ಬದಲಿಸಬೇಕಾಗುತ್ತದೆ. ಎರಡೂ ದೋಷಗಳು ಒಂದೇ ಲಕ್ಷಣ ತೋರಿಸುವುದರಿಂದ ಇವನ್ನು ಬಿಡಿಸಿ ನೋಡದಿದ್ದರೆ, ಒಂದನ್ನು ಸರಿಪಡಿಸಿದ ಮೇಲೂ ಏನೂ ಬದಲಾಗಲಿಲ್ಲ ಎಂಬ ಭ್ರಮೆ ಹುಟ್ಟುತ್ತದೆ.

ಮೊದಲು ಕ್ವೆರಿಯರ್‌ನ ವಿಷಯ. ಸ್ನೂಪಿಂಗ್ ಮಾಡುವ ಸ್ವಿಚ್ ತಾನಾಗಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಬೇರೆಯವರ ಮಾತನ್ನು ಕದ್ದು ಕೇಳುವುದಷ್ಟೇ ಅದರ ಕೆಲಸ. ವಿಡಿಯೋ ನೋಡಬಯಸುವ ಕಂಪ್ಯೂಟರ್ ಆ ಗುಂಪಿಗೆ ಸೇರುವಾಗ ಒಂದು ರಿಪೋರ್ಟ್ ಕಳುಹಿಸುತ್ತದೆ, ಸ್ವಿಚ್ ಅದನ್ನು ನೋಡಿ ಈ ಪೋರ್ಟ್‌ಗೆ ಈ ಗುಂಪು ಬೇಕು ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಆದರೆ ಆ ಕಂಪ್ಯೂಟರ್ ಯಾವಾಗ ಬೇಕಾದರೂ ಹೇಳದೆ ಕೇಳದೆ ಆಫ್ ಆಗಬಹುದು. ಆದ್ದರಿಂದ ಸ್ವಿಚ್ ಪ್ರತಿ ನಮೂದಿಗೂ ಒಂದು ಆಯುಷ್ಯ ಇಟ್ಟಿರುತ್ತದೆ. ಆ ಆಯುಷ್ಯ ಮುಗಿಯುವುದರೊಳಗೆ ಮತ್ತೊಂದು ರಿಪೋರ್ಟ್ ಬರಬೇಕು. ಕಂಪ್ಯೂಟರ್ ಸೇರುವ ಹೊತ್ತಿನಲ್ಲಿ ಒಂದೆರಡು ಸಲ ತಾನಾಗಿ ರಿಪೋರ್ಟ್ ಕಳುಹಿಸಿದ ನಂತರ ಸುಮ್ಮನಾಗುತ್ತದೆ; ಯಾರಾದರೂ ಕ್ವೆರಿ ಕಳುಹಿಸಿ ಕೇಳಿದಾಗ ಮಾತ್ರ ಮತ್ತೆ ಉತ್ತರ ಕೊಡುತ್ತದೆ. ಹಾಗೆ ಕೇಳುವ ಸಾಧನವೇ ಕ್ವೆರಿಯರ್. ಮಲ್ಟಿಕಾಸ್ಟ್ ರೂಟಿಂಗ್ ಮಾಡುವ ರೂಟರ್ ವಿಲ್ಯಾನ್‌ನಲ್ಲಿದ್ದರೆ ಈ ಕೆಲಸವನ್ನು ಅದೇ ಮಾಡುತ್ತದೆ. ನಿಮ್ಮಲ್ಲಿರುವಂತೆ ಕ್ಯಾಮೆರಾ, ರೆಕಾರ್ಡರ್, ಪರದೆ ಎಲ್ಲವೂ ಒಂದೇ ವಿಲ್ಯಾನ್‌ನೊಳಗೆ ಉಳಿದು, ಮಲ್ಟಿಕಾಸ್ಟ್ ರೂಟರ್‌ನ ಅಗತ್ಯವೇ ಬೀಳದಿದ್ದಾಗ ಕೇಳುವವರೇ ಇಲ್ಲದಂತಾಗುತ್ತದೆ.

ಈಗ ಲೆಕ್ಕ ನೋಡೋಣ. 1997ರ ಐಜಿಎಂಪಿ ಎರಡನೆಯ ಆವೃತ್ತಿಯ ಮಾನದಂಡದ ಪ್ರಕಾರ ಕ್ವೆರಿಯರ್ 125 ಸೆಕೆಂಡಿಗೊಮ್ಮೆ ಕೇಳುತ್ತದೆ. ಉತ್ತರಿಸಲು 10 ಸೆಕೆಂಡುಗಳ ಅವಕಾಶವಿರುತ್ತದೆ. ಒಂದು ಪ್ಯಾಕೆಟ್ ಕಳೆದುಹೋದರೂ ತೊಂದರೆಯಾಗಬಾರದು ಎಂದು ಎರಡು ಸುತ್ತುಗಳಷ್ಟು ಕಾಯಲಾಗುತ್ತದೆ. ಹೀಗಾಗಿ ನಮೂದಿನ ಆಯುಷ್ಯ ಎರಡು ಸಲ 125, ಅದರ ಮೇಲೆ 10, ಅಂದರೆ 260 ಸೆಕೆಂಡು: ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಿಮ್ಮ ಪರದೆಯಲ್ಲಿ ಚಿತ್ರ ನಿಂತದ್ದು ಇದೇ ಹೊತ್ತಿಗೆ. ಪ್ರೋಗ್ರಾಂ ಮುಚ್ಚಿ ತೆರೆದರೆ ಮತ್ತೆ ಅಷ್ಟೇ ಹೊತ್ತು ಚಿತ್ರ ಬಂದು ಮತ್ತೆ ನಿಲ್ಲುತ್ತದೆ, ಏಕೆಂದರೆ ತೆರೆದಾಗಲೆಲ್ಲ ಹೊಸದಾಗಿ ರಿಪೋರ್ಟ್ ಹೋಗಿ ಹೊಸ ಆಯುಷ್ಯ ಸಿಗುತ್ತದೆ. ಕ್ಯಾಮೆರಾ ಕೆಟ್ಟಿದ್ದರೆ ಅಥವಾ ಕೇಬಲ್ ಸಡಿಲವಾಗಿದ್ದರೆ ಚಿತ್ರ ಹೀಗೆ ಗಡಿಯಾರ ಹಿಡಿದಂತೆ ನಿಲ್ಲುವುದಿಲ್ಲ.

ಬೇರೆ ಸ್ವಿಚ್‌ನ ಪರದೆಯಲ್ಲಿ ಚಿತ್ರ ಬಾರದೇ ಇದ್ದದ್ದು ಇನ್ನೂ ಮುಖ್ಯವಾದ ಸುಳಿವು. ಸ್ನೂಪಿಂಗ್ ಮಾಡುವ ಸ್ವಿಚ್ ತನಗೆ ಬಂದ ರಿಪೋರ್ಟನ್ನು ಎಲ್ಲ ಪೋರ್ಟ್‌ಗಳಿಗೂ ಹಂಚುವುದಿಲ್ಲ. ರೂಟರ್ ಪೋರ್ಟ್ ಎಂದು ತಾನು ಗುರುತಿಸಿಕೊಂಡ ಪೋರ್ಟ್‌ಗೆ ಮಾತ್ರ ಮುಂದೆ ಕಳುಹಿಸುತ್ತದೆ. ಯಾವ ಪೋರ್ಟ್‌ನಿಂದ ಕ್ವೆರಿ ಒಳಗೆ ಬರುತ್ತದೆಯೋ ಅದೇ ರೂಟರ್ ಪೋರ್ಟ್. ಕ್ವೆರಿಯೇ ಇಲ್ಲದ ಕಡೆ ರೂಟರ್ ಪೋರ್ಟ್ ಕೂಡ ಇರುವುದಿಲ್ಲ; ಹಾಗಾಗಿ ಎರಡನೆಯ ಸ್ವಿಚ್‌ನ ಕಂಪ್ಯೂಟರ್ ಕಳುಹಿಸಿದ ರಿಪೋರ್ಟ್ ಆ ಸ್ವಿಚ್‌ನಲ್ಲೇ ಉಳಿದುಹೋಗುತ್ತದೆ. ಕ್ಯಾಮೆರಾ ಇರುವ ಮೊದಲನೆಯ ಸ್ವಿಚ್‌ಗೆ ಅಪ್‌ಲಿಂಕಿನ ಆಚೆ ನೋಡುಗನೊಬ್ಬನಿದ್ದಾನೆ ಎಂಬ ಸುದ್ದಿಯೇ ತಲುಪುವುದಿಲ್ಲ. ಕ್ವೆರಿಯರ್ ಎಂದರೆ ನಮೂದುಗಳ ಆಯುಷ್ಯವನ್ನು ನವೀಕರಿಸುವ ಗಡಿಯಾರ ಎಂದಷ್ಟೇ ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಮೂರೂ ಸ್ವಿಚ್‌ಗಳಿಗೆ ಯಾವ ದಿಕ್ಕಿಗೆ ಸುದ್ದಿ ಕಳುಹಿಸಬೇಕು, ಯಾವ ದಿಕ್ಕಿಗೆ ವಿಡಿಯೋ ಸಾಗಿಸಬೇಕು ಎಂಬ ದಾರಿಯನ್ನು ಹಾಕಿಕೊಡುವುದೂ ಅದೇ.

ತಡೆ ಹಾಕದಿದ್ದಾಗ ವಿಡಿಯೋ ಎಲ್ಲೆಡೆ ಹರಿಯುವುದೂ ಇದೇ ಕಾರಣಕ್ಕೆ. ಪಟ್ಟಿಯಲ್ಲಿ ಹೆಸರಿಲ್ಲದ ಗುಂಪಿನ ಪ್ಯಾಕೆಟ್ ಬಂದರೆ ಅದನ್ನು ಎಲ್ಲ ಪೋರ್ಟ್‌ಗಳಿಗೂ ಕಳುಹಿಸಲು ಸ್ನೂಪಿಂಗ್ ಕುರಿತ 2006ರ ಮಾರ್ಗದರ್ಶಿ ದಾಖಲೆ ಸ್ವಿಚ್‌ಗಳಿಗೆ ಅನುಮತಿ ನೀಡಿದೆ. ಬಹಳಷ್ಟು ಸ್ವಿಚ್‌ಗಳ ಕಾರ್ಖಾನೆ ಹೊಂದಿಕೆಯೂ ಹಾಗೆಯೇ ಇರುತ್ತದೆ. ಕ್ವೆರಿಯರ್ ಇಲ್ಲದ ಜಾಲದಲ್ಲಿ ಸ್ವಲ್ಪ ಹೊತ್ತಿಗೆ ಎಲ್ಲ ಗುಂಪುಗಳೂ ಪಟ್ಟಿಯಿಂದ ಅಳಿಸಿಹೋಗಿ ಅಪರಿಚಿತವಾಗುತ್ತವೆ, ಎಲ್ಲವೂ ಎಲ್ಲೆಡೆ ಹರಿಯುತ್ತದೆ. 24 ಕ್ಯಾಮೆರಾಗಳ 6 ಮೆಗಾಬಿಟ್ ಸೇರಿದರೆ 144 ಮೆಗಾಬಿಟ್. 100 ಮೆಗಾಬಿಟ್ ಪೋರ್ಟ್‌ಗೆ ಅದು ಹಿಡಿಸುವುದಿಲ್ಲ. ತುಂಬಿದ ಸಾಲಿನಲ್ಲಿ ಪ್ರಿಂಟರ್‌ಗೆ ಹೋಗಬೇಕಾದ ಪ್ಯಾಕೆಟ್ಟೂ ವಿಡಿಯೋ ಪ್ಯಾಕೆಟ್‌ಗಳ ಜೊತೆಗೇ ಬಿದ್ದುಹೋಗುತ್ತದೆ. ಹೀಗಾಗಿ ಸ್ನೂಪಿಂಗ್ ಆನ್ ಇದೆ ಎಂದು ಸ್ವಿಚ್‌ನ ಪರದೆಯಲ್ಲಿ ಕಾಣುವುದಕ್ಕೂ ಸ್ನೂಪಿಂಗ್ ಕೆಲಸ ಮಾಡುತ್ತಿದೆ ಎನ್ನುವುದಕ್ಕೂ ಬಹಳ ಅಂತರವಿದೆ.

ನನ್ನ ಮಾತನ್ನು ನಂಬುವ ಮೊದಲು ನೀವೇ ಖಚಿತಪಡಿಸಿಕೊಳ್ಳಿ. ಆ ವಿಲ್ಯಾನ್‌ನ ಯಾವುದಾದರೂ ಸಾಮಾನ್ಯ ಪೋರ್ಟ್‌ಗೆ ಒಂದು ಲ್ಯಾಪ್‌ಟಾಪ್ ಹಾಕಿ, ಯಾವ ವಿಡಿಯೋ ಪ್ರೋಗ್ರಾಂ ಅನ್ನೂ ತೆರೆಯದೆ, ಐದು ನಿಮಿಷ ಹೀಗೆ ಕಾದು ನೋಡಿ:

```
tcpdump -ni eth0 igmp
```

ಕ್ವೆರಿಯರ್ ಇದ್ದರೆ ಈ ಐದು ನಿಮಿಷಗಳಲ್ಲಿ 224.0.0.1 ವಿಳಾಸಕ್ಕೆ ಹೋಗುವ `igmp query` ಸಾಲುಗಳು ಎರಡಾದರೂ ಕಾಣಬೇಕು. ಒಂದೂ ಕಾಣದಿದ್ದರೆ ರೋಗನಿರ್ಣಯ ಮುಗಿಯಿತು. ವಿಡಿಯೋ ಪ್ರೋಗ್ರಾಂ ತೆರೆಯಬೇಡಿ ಎಂದದ್ದಕ್ಕೆ ಕಾರಣವಿದೆ: ತೆರೆದ ಕ್ಷಣ ನಿಮ್ಮ ಲ್ಯಾಪ್‌ಟಾಪ್ ಕೂಡ ಗುಂಪಿಗೆ ಸೇರುತ್ತದೆ, ಆಮೇಲೆ ಆ ಪೋರ್ಟ್‌ಗೆ ಬರುವ ವಿಡಿಯೋ ತಾನಾಗಿ ಹರಿದು ಬಂದದ್ದೋ ನೀವು ಕೇಳಿ ಪಡೆದದ್ದೋ ತಿಳಿಯುವುದಿಲ್ಲ.

ಇನ್ನು ಕ್ವೆರಿಯರ್ ಅನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ. ಒಟ್ಟು ಕೆಲಸದಲ್ಲಿ ಹೆಚ್ಚು ಯೋಚನೆ ಬೇಡುವ ಭಾಗ ಇದು, ಆದರೆ ಜನ ಹೆಚ್ಚಾಗಿ ಯೋಚಿಸದೆ ದಾಟಿಬಿಡುವುದೂ ಇದನ್ನೇ. ರೂಟರ್ ಪೋರ್ಟ್‌ಗೆ ಹೋಗುವುದು ರಿಪೋರ್ಟ್‌ಗಳು ಮಾತ್ರವಲ್ಲ. ಮಲ್ಟಿಕಾಸ್ಟ್ ರೂಟರ್ ಇದ್ದರೆ ಅದಕ್ಕೆ ಎಲ್ಲ ಗುಂಪುಗಳ ದತ್ತಾಂಶವೂ ಬೇಕಾಗಬಹುದು ಎಂಬ ಊಹೆಯಿಂದ ಸ್ವಿಚ್ ಎಲ್ಲ ಮಲ್ಟಿಕಾಸ್ಟ್ ವಿಡಿಯೋವನ್ನೂ ರೂಟರ್ ಪೋರ್ಟಿನ ಕಡೆಗೆ ತಪ್ಪದೆ ಕಳುಹಿಸುತ್ತದೆ, ಅತ್ತ ನೋಡುವವರು ಯಾರೂ ಇಲ್ಲದಿದ್ದರೂ ಸಹ. ಅಂದರೆ ಕ್ವೆರಿಯರ್ ಎಲ್ಲಿದೆಯೋ ಅಲ್ಲಿಗೆ ನಿಮ್ಮ 24 ಕ್ಯಾಮೆರಾಗಳ ವಿಡಿಯೋವೂ ಬಂದು ಸೇರುತ್ತದೆ. ನಿಮ್ಮ ಮೂರು ಸ್ವಿಚ್‌ಗಳಲ್ಲಿ ಒಂದು ನಡುವೆ ಇದ್ದು ರೆಕಾರ್ಡರ್ ಅದರಲ್ಲೇ ಇದೆ, ಎರಡು ಅಂಚಿನ ಸ್ವಿಚ್‌ಗಳಲ್ಲಿ ತಲಾ 12 ಕ್ಯಾಮೆರಾಗಳಿವೆ ಎಂದು ಭಾವಿಸೋಣ. ಕ್ವೆರಿಯರ್ ನಡುವಿನ ಸ್ವಿಚ್‌ನಲ್ಲಿದ್ದರೆ ಪ್ರತಿ ಅಪ್‌ಲಿಂಕಿನ ಮೇಲೂ ನಡುವಿನ ಕಡೆಗೆ 72 ಮೆಗಾಬಿಟ್ ಹೋಗುತ್ತದೆ. ರೆಕಾರ್ಡರ್‌ಗೆ ಅದು ಹೇಗೂ ಬೇಕಾಗಿತ್ತು, ಆದ್ದರಿಂದ ಹೆಚ್ಚುವರಿ ಹೊರೆ ಶೂನ್ಯ. ಅದೇ ಕ್ವೆರಿಯರ್ ಯಾವುದೋ ಅಂಚಿನಲ್ಲಿ, 100 ಮೆಗಾಬಿಟ್ ಕೊಂಡಿಯ ತುದಿಯಲ್ಲಿದ್ದರೆ, ಅದಕ್ಕೆ ಹೋಗುವ ಆ ಕೊಂಡಿಯೇ ತುಂಬಿಹೋಗುತ್ತದೆ. ಆಗ ನೀವು ಪ್ರವಾಹವನ್ನು ನಿಲ್ಲಿಸಿದಂತಾಗುವುದಿಲ್ಲ, ಒಂದು ಕಡೆ ಮಡುಗಟ್ಟಿಸಿದಂತಾಗುತ್ತದೆ. ನಡುವಿನ ಸ್ವಿಚ್ ಬಿಟ್ಟು ಬೇರೆಡೆ ಕ್ವೆರಿಯರ್ ಇಡಲು ನನಗೆ ಒಂದು ಒಳ್ಳೆಯ ಕಾರಣವೂ ಕಾಣುವುದಿಲ್ಲ.

ಆದರೆ ಇಟ್ಟ ಕಡೆಯೇ ಅದು ಇರುತ್ತದೆ ಎಂಬ ಖಾತ್ರಿಯಿಲ್ಲ. ಒಂದೇ ವಿಲ್ಯಾನ್‌ನಲ್ಲಿ ಕ್ವೆರಿ ಕಳುಹಿಸುವ ಸಾಧನಗಳು ಒಂದಕ್ಕಿಂತ ಹೆಚ್ಚಿದ್ದರೆ ಅವುಗಳ ನಡುವೆ ಆಯ್ಕೆ ನಡೆಯುತ್ತದೆ. ಅತಿ ಕಡಿಮೆ ಐಪಿ ವಿಳಾಸ ಇರುವುದು ಗೆಲ್ಲುತ್ತದೆ, ಉಳಿದವು ಸುಮ್ಮನಾಗುತ್ತವೆ. ನಾನು ಹಿಂದೆ ನೋಡಿಕೊಳ್ಳುತ್ತಿದ್ದ ಒಂದು ಜಾಲದಲ್ಲಿ ಕ್ವೆರಿಯರ್‌ಗೆಂದು ನಡುವಿನ ಸ್ವಿಚ್‌ಗೆ ಕೊನೆಯ ಅಂಕಿ 250 ಇರುವ ವಿಳಾಸ ಕೊಟ್ಟಿದ್ದೆ. ತಿಂಗಳುಗಳ ನಂತರ ಒಂದು ಹೊಸ ವೈಫೈ ಆಕ್ಸೆಸ್ ಪಾಯಿಂಟ್ ಬಂತು. ಅದರೊಳಗೂ ಕ್ವೆರಿಯರ್ ಆನ್ ಆಗಿತ್ತು, ವಿಳಾಸ 31ರದ್ದು. ಅಂದು ಮಧ್ಯಾಹ್ನದಿಂದ ವಿಡಿಯೋ ಎಲ್ಲ ಪರದೆಗಳಲ್ಲೂ ಸರಿಯಾಗಿಯೇ ಬರುತ್ತಿತ್ತು, ಆದರೆ ಆ ಆಕ್ಸೆಸ್ ಪಾಯಿಂಟ್‌ನ ವೈಫೈ ಮಾತ್ರ ಬಳಸಲಾಗದಷ್ಟು ನಿಧಾನವಾಯಿತು. ಎಲ್ಲ ಕ್ಯಾಮೆರಾಗಳ ಹರಿವೂ ಆ ಒಂದು ಪೋರ್ಟ್‌ನ ಕಡೆಗೆ ತಿರುಗಿದೆ ಎಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು, ಏಕೆಂದರೆ ನಾನು ವೈಫೈ ಚಾನೆಲ್‌ಗಳನ್ನೇ ತಡಕಾಡುತ್ತಿದ್ದೆ. ಆದ್ದರಿಂದ ಕ್ವೆರಿಯರ್ ಆಗಬೇಕಾದ ಸ್ವಿಚ್‌ಗೆ ವಿಲ್ಯಾನ್‌ನ ಆರಂಭದ ವಿಳಾಸಗಳಲ್ಲೊಂದನ್ನು ಕೊಡಿ, ಉಳಿದ ಸಾಧನಗಳಲ್ಲಿ ಈ ಸೌಲಭ್ಯ ಆನ್ ಆಗಿದೆಯೇ ಎಂದು ಒಂದೊಂದಾಗಿ ನೋಡಿ ಆಫ್ ಮಾಡಿ.

ವಿಳಾಸದ ಬಗ್ಗೆ ಇನ್ನೊಂದು ಮಾತು. ಕೆಲವು ಸ್ವಿಚ್‌ಗಳು ವಿಳಾಸ ಕೊಡದಿದ್ದರೂ 0.0.0.0 ಎಂಬ ಮೂಲ ವಿಳಾಸದಿಂದ ಕ್ವೆರಿ ಕಳುಹಿಸುತ್ತವೆ. ಅಂಥ ಕ್ವೆರಿ ಆಯ್ಕೆಯಲ್ಲಿ ಭಾಗವಹಿಸಬಾರದು ಎಂಬುದು ನಿಯಮ, ಮತ್ತು ಕೆಲವು ಸಾಧನಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ ಕೆಲವು ಪರದೆಗಳಲ್ಲಿ ಚಿತ್ರ ಉಳಿದು ಕೆಲವು ಪರದೆಗಳಲ್ಲಿ ನಾಲ್ಕು ನಿಮಿಷಕ್ಕೆ ನಿಲ್ಲುವ ವಿಚಿತ್ರ ಸ್ಥಿತಿ ಉಂಟಾಗುತ್ತದೆ. ಆ ವಿಲ್ಯಾನ್‌ನದೇ ಆದ ನಿಜವಾದ ವಿಳಾಸವನ್ನು ಕೊಡುವುದು ಒಳಿತು.

ವಿಲ್ಯಾನ್ ಸಂಖ್ಯೆ 40, ಜಾಲ 10.40.0.0/24 ಎಂದಿಟ್ಟುಕೊಂಡರೆ, ಸಿಸ್ಕೊ ಐಒಎಸ್ ಬಗೆಯ ನಡುವಿನ ಸ್ವಿಚ್‌ನಲ್ಲಿ ಬೇಕಾಗುವುದು ಇಷ್ಟೇ:

```
ip igmp snooping
ip igmp snooping vlan 40
ip igmp snooping vlan 40 querier
ip igmp snooping vlan 40 querier address 10.40.0.2
ip igmp snooping vlan 40 querier version 2
```

ಅಂಚಿನ ಸ್ವಿಚ್‌ಗಳಲ್ಲಿ ಮೊದಲ ಎರಡು ಸಾಲುಗಳು ಸಾಕು. ನಡುವೆ ಲಿನಕ್ಸ್ ಬ್ರಿಡ್ಜ್ ಇದ್ದರೆ, ಆ ಬ್ರಿಡ್ಜ್‌ಗೆ ವಿಳಾಸ ಕೊಟ್ಟ ಮೇಲೆ ಅದೇ ಕೆಲಸಕ್ಕೆ ಈ ಸಾಲು:

```
ip link set dev br0 type bridge mcast_snooping 1 \
  mcast_querier 1 mcast_query_use_ifaddr 1
```

ಕೊನೆಯ ಆಯ್ಕೆಯನ್ನು ಬಿಟ್ಟರೆ ಲಿನಕ್ಸ್ ಬ್ರಿಡ್ಜ್ ಕೂಡ 0.0.0.0 ವಿಳಾಸದಿಂದಲೇ ಕೇಳುತ್ತದೆ. ಮೇಲೆ ಹೇಳಿದ ತೊಂದರೆ ಇಲ್ಲಿಗೂ ಅನ್ವಯಿಸುತ್ತದೆ. ವೆಬ್ ಪುಟದ ಮೂಲಕ ಹೊಂದಿಸುವ ಸ್ವಿಚ್‌ಗಳಲ್ಲಿ ಮಾತುಗಳು ಬೇರೆಬೇರೆ ಇದ್ದರೂ ಹುಡುಕಬೇಕಾದದ್ದು ಮೂರೇ: ಆ ವಿಲ್ಯಾನ್‌ಗೆ ಸ್ನೂಪಿಂಗ್, ಆ ವಿಲ್ಯಾನ್‌ಗೆ ಕ್ವೆರಿಯರ್, ಕ್ವೆರಿಯರ್‌ನ ವಿಳಾಸ. ಸ್ನೂಪಿಂಗ್ ಅನ್ನು ಇಡೀ ಸ್ವಿಚ್‌ಗೆ ಆನ್ ಮಾಡಿದರೂ ವಿಲ್ಯಾನ್‌ವಾರು ಪ್ರತ್ಯೇಕವಾಗಿ ಆನ್ ಮಾಡಬೇಕಾದ ಸ್ವಿಚ್‌ಗಳೂ ಇವೆ, ಅದನ್ನೂ ನೋಡಿಕೊಳ್ಳಿ.

ಎರಡನೆಯ ಆವೃತ್ತಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಮೂರನೆಯ ಆವೃತ್ತಿಯ ಮುಖ್ಯ ಲಾಭವೆಂದರೆ ಇಂಥ ಮೂಲದಿಂದ ಮಾತ್ರ ವಿಡಿಯೋ ಬೇಕು ಎಂದು ಕೇಳುವ ಅವಕಾಶ. ಪ್ರತಿ ಕ್ಯಾಮೆರಾಗೂ ತನ್ನದೇ ಗುಂಪಿನ ವಿಳಾಸ ಇರುವ ನಿಮ್ಮ ಜಾಲದಲ್ಲಿ ಅದರಿಂದ ಪ್ರಯೋಜನವಿಲ್ಲ. ಮೂರನೆಯ ಆವೃತ್ತಿಯ ರಿಪೋರ್ಟ್‌ಗಳೆಲ್ಲ ಗುಂಪಿನ ವಿಳಾಸಕ್ಕೆ ಹೋಗದೆ 224.0.0.22ಕ್ಕೆ ಹೋಗುತ್ತವೆ, ಮತ್ತು ಹಳೆಯ ಸ್ವಿಚ್‌ಗಳು ಅವನ್ನು ಸರಿಯಾಗಿ ಓದುವುದಿಲ್ಲ. ಕ್ವೆರಿಯರ್ ಎರಡನೆಯ ಆವೃತ್ತಿಯಲ್ಲಿ ಕೇಳಿದರೆ ಮೂರನೆಯದನ್ನು ಬಲ್ಲ ಕಂಪ್ಯೂಟರ್‌ಗಳೂ ಎರಡನೆಯದರಲ್ಲೇ ಉತ್ತರಿಸುತ್ತವೆ. ಹಾಗಾಗಿ ಎಲ್ಲರಿಗೂ ತಿಳಿಯುವ ಭಾಷೆ ಅದಾಗುತ್ತದೆ.

ಈಗ ತಡೆಯ ಆಯ್ಕೆಯನ್ನು ಕೂಡಲೇ ಹಾಕಬೇಡಿ. ಕ್ವೆರಿಯರ್ ಆನ್ ಮಾಡಿ ಐದು ನಿಮಿಷ ಕಾಯಿರಿ, ಆಮೇಲೆ ಮೂರು ಸ್ವಿಚ್‌ಗಳಲ್ಲೂ ಪ್ರತ್ಯೇಕವಾಗಿ ಇವನ್ನು ನೋಡಿ:

```
show ip igmp snooping querier
show ip igmp snooping mrouter
show ip igmp snooping groups vlan 40
```

ಮೊದಲನೆಯದು ಎಲ್ಲ ಕಡೆ 10.40.0.2 ಅನ್ನೇ ತೋರಿಸಬೇಕು. ಯಾವುದಾದರೂ ಸ್ವಿಚ್ ಬೇರೆ ವಿಳಾಸ ತೋರಿಸಿದರೆ ನಿಮ್ಮಲ್ಲೂ ಬಯಸದ ಕ್ವೆರಿಯರ್ ಒಂದು ಅಡಗಿದೆ ಎಂದು ಅರ್ಥ. ಎರಡನೆಯದರಲ್ಲಿ ಅಂಚಿನ ಸ್ವಿಚ್‌ಗಳು ನಡುವಿನ ಸ್ವಿಚ್‌ನ ಕಡೆಗಿರುವ ಅಪ್‌ಲಿಂಕನ್ನು ರೂಟರ್ ಪೋರ್ಟ್ ಎಂದು ತೋರಿಸಬೇಕು. ಮೂರನೆಯದರಲ್ಲಿ ರೆಕಾರ್ಡರ್ ಮತ್ತು ಪರದೆಗಳ ಪೋರ್ಟ್‌ಗಳು ಗುಂಪುಗಳ ಎದುರು ಕಾಣಬೇಕು. ಕ್ಯಾಮೆರಾಗಳ ಪೋರ್ಟ್‌ಗಳು ಈ ಪಟ್ಟಿಯಲ್ಲಿ ಕಾಣಲಿಲ್ಲ ಎಂದು ಗಾಬರಿಯಾಗಬೇಡಿ: ವಿಡಿಯೋ ಕಳುಹಿಸುವ ಸಾಧನ ಗುಂಪಿಗೆ ಸೇರಬೇಕಾದ ಅಗತ್ಯವೇ ಇಲ್ಲ, ಸೇರುವುದು ಪಡೆಯುವವರು ಮಾತ್ರ. ಪಟ್ಟಿ ಐದು ನಿಮಿಷಗಳ ನಂತರವೂ ಹಾಗೆಯೇ ಉಳಿದರೆ ನವೀಕರಣ ನಡೆಯುತ್ತಿದೆ ಎಂದಾಯಿತು. ಆಗ ತಡೆಯ ಆಯ್ಕೆಯನ್ನು ಹಾಕಬಹುದು. ಕ್ರಮವನ್ನು ತಿರುವುಮುರುವು ಮಾಡಿ ಮೊದಲು ತಡೆ ಹಾಕಿದರೆ ಎಲ್ಲ ಪರದೆಗಳೂ ಕಪ್ಪಾಗುತ್ತವೆ, ಆ ಗಡಿಬಿಡಿಯಲ್ಲಿ ಯಾರೋ ಸ್ನೂಪಿಂಗ್ ಅನ್ನೇ ಆಫ್ ಮಾಡುತ್ತಾರೆ, ಕೆಲಸ ಮೊದಲ ಹೆಜ್ಜೆಗೆ ಹಿಂದಿರುಗುತ್ತದೆ.

ಸಮಯಗಳನ್ನು ಬದಲಿಸುವ ಮನಸ್ಸಾದರೆ ಎಚ್ಚರವಹಿಸಿ. ಎರಡನೆಯ ಆವೃತ್ತಿಯ ಕ್ವೆರಿಯೊಳಗೆ ನಾನು ಎಷ್ಟು ಸೆಕೆಂಡಿಗೊಮ್ಮೆ ಕೇಳುತ್ತೇನೆ ಎಂಬ ಮಾಹಿತಿ ಇರುವುದಿಲ್ಲ. ಆದ್ದರಿಂದ ಪ್ರತಿ ಸ್ವಿಚ್ ತನ್ನ ಹೊಂದಿಕೆಯನ್ನೇ ನಂಬಿ ಆಯುಷ್ಯ ಲೆಕ್ಕ ಹಾಕುತ್ತದೆ. ಅಂಚಿನ ಸ್ವಿಚ್ ಒಂದರಲ್ಲಿ ಅವಧಿ 30 ಸೆಕೆಂಡು ಎಂದಿದ್ದರೆ ಅದರ ನಮೂದು 70 ಸೆಕೆಂಡಿಗೆ ಅಳಿಯುತ್ತದೆ. ಕ್ವೆರಿಯರ್ 125 ಸೆಕೆಂಡಿಗೊಮ್ಮೆ ಕೇಳುತ್ತಿದ್ದರೆ ಚಿತ್ರ ಒಂದು ನಿಮಿಷ ಬಂದು ಸುಮಾರು ಒಂದು ನಿಮಿಷ ಹೋಗುತ್ತಿರುತ್ತದೆ. ಬದಲಿಸುವುದಾದರೆ ಮೂರೂ ಸ್ವಿಚ್‌ಗಳಲ್ಲಿ ಒಂದೇ ಅಂಕಿ ಇರಲಿ.

ನಡುವಿನ ಸ್ವಿಚ್ ನಿಂತುಹೋದರೆ ಏನು ಗತಿ ಎಂದು ಎರಡನೆಯ ಕ್ವೆರಿಯರ್ ಇಡುವುದು ತಪ್ಪಲ್ಲ. ಅದರ ವಿಳಾಸ 10.40.0.3 ಎಂಬಂತೆ ಸ್ವಲ್ಪ ಹೆಚ್ಚಿನದಾಗಿರಲಿ. ಆದರೆ ಮಾನದಂಡದ ಪ್ರಕಾರ ಅದು ಕೊನೆಯ ಕ್ವೆರಿ ಕೇಳಿ 255 ಸೆಕೆಂಡು ಮೌನವಾಗಿ ಕಾದ ಮೇಲೆ ಮಾತ್ರ ಅಧಿಕಾರ ವಹಿಸಿಕೊಳ್ಳುತ್ತದೆ, ನಮೂದುಗಳು 260 ಸೆಕೆಂಡಿಗೆ ಅಳಿಯಲು ಶುರುವಾಗುತ್ತವೆ. ನಡುವೆ ಉಳಿಯುವುದು ಐದು ಸೆಕೆಂಡು, ಉತ್ತರಿಸಲು ಕಂಪ್ಯೂಟರ್‌ಗಳಿಗಿರುವ ಅವಕಾಶ ಹತ್ತು ಸೆಕೆಂಡು. ಹಾಗಾಗಿ ಬದಲಾವಣೆಯ ಹೊತ್ತಿನಲ್ಲಿ ಕೆಲವು ಪರದೆಗಳು ಕೆಲವು ಸೆಕೆಂಡು ಕಪ್ಪಾಗಬಹುದು. ಅದನ್ನು ದೋಷವೆಂದು ಭಾವಿಸಿ ಹುಡುಕಲು ಹೊರಡಬೇಡಿ. ನಡುವಿನ ಸ್ವಿಚ್ ನಿಂತರೆ ನಿಮ್ಮ ಅಂಚಿನ ಸ್ವಿಚ್‌ಗಳ ನಡುವಿನ ದಾರಿಯೇ ಕಡಿಯುವಂತಿದ್ದರೆ ಎರಡನೆಯ ಕ್ವೆರಿಯರ್‌ನಿಂದ ಸಿಗುವ ಲಾಭವೂ ಅಲ್ಪವೇ.

ಇನ್ನು ಆ ನಾಲ್ಕು ಹಳೆಯ ಕ್ಯಾಮೆರಾಗಳು. ಐಪಿ ಮಲ್ಟಿಕಾಸ್ಟ್ ವಿಳಾಸವನ್ನು ಈಥರ್ನೆಟ್ ವಿಳಾಸವಾಗಿ ಬದಲಿಸುವಾಗ ಅದರ ಕೊನೆಯ 23 ಬಿಟ್‌ಗಳನ್ನು ಮಾತ್ರ ಉಳಿಸಿಕೊಂಡು `01:00:5e` ಎಂಬುದರ ಮುಂದೆ ಜೋಡಿಸಲಾಗುತ್ತದೆ. ಗುಂಪುಗಳನ್ನು ಬೇರ್ಪಡಿಸುವ ಬಿಟ್‌ಗಳು 28. ಅಂದರೆ 5 ಬಿಟ್ ಕಳೆದುಹೋಗುತ್ತವೆ, 32 ಐಪಿ ಗುಂಪುಗಳಿಗೆ ಒಂದೇ ಈಥರ್ನೆಟ್ ವಿಳಾಸವಾಗುತ್ತದೆ. 239.0.0.10 ಎಂಬುದು `01:00:5e:00:00:0a` ಆಗುತ್ತದೆ, 224.0.0.10 ಕೂಡ ಅದೇ ಆಗುತ್ತದೆ. 224.0.0 ಎಂದು ಶುರುವಾಗುವ ವಿಳಾಸಗಳು ರೂಟರ್‌ಗಳ ಪರಸ್ಪರ ಮಾತುಕತೆಯಂಥ ಸ್ಥಳೀಯ ನಿಯಂತ್ರಣಕ್ಕೆ ಮೀಸಲು. ಅವಕ್ಕೆ ಯಾರೂ ರಿಪೋರ್ಟ್ ಕಳುಹಿಸಿ ಸೇರಬೇಕಾಗಿಲ್ಲವಾದ್ದರಿಂದ ಸ್ವಿಚ್‌ಗಳು ಅವನ್ನು ಯಾವಾಗಲೂ ಎಲ್ಲ ಪೋರ್ಟ್‌ಗಳಿಗೂ ಕಳುಹಿಸಲೇಬೇಕು. ಐಪಿ ವಿಳಾಸವನ್ನು ನೋಡದೆ ಈಥರ್ನೆಟ್ ವಿಳಾಸವನ್ನಷ್ಟೇ ನೋಡಿ ಸಾಗಿಸುವ ಸ್ವಿಚ್‌ಗೆ ನಿಮ್ಮ ಹಳೆಯ ಕ್ಯಾಮೆರಾದ ವಿಡಿಯೋಗೂ ಈ ನಿಯಂತ್ರಣದ ಪ್ಯಾಕೆಟ್‌ಗಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದು ನಿಯಮವನ್ನು ಪಾಲಿಸುತ್ತಾ ಅವನ್ನು ಎಲ್ಲೆಡೆ ಹರಿಸುತ್ತದೆ. ತಡೆಯ ಆಯ್ಕೆಗೂ ಅವು ಬಗ್ಗದೇ ಇದ್ದದ್ದು ಇದಕ್ಕೇ, ನಾಲ್ಕು ನಿಮಿಷದ ನಂತರವೂ ನಿಲ್ಲದೇ ಇದ್ದದ್ದೂ ಇದಕ್ಕೇ.

ಇದಕ್ಕೆ ಸ್ವಿಚ್‌ನಲ್ಲಿ ಮದ್ದಿಲ್ಲ. ಆ ನಾಲ್ಕು ಕ್ಯಾಮೆರಾಗಳ ಹೊಂದಿಕೆಯಲ್ಲಿ ಗುಂಪಿನ ವಿಳಾಸವನ್ನು ಉಳಿದ ಕ್ಯಾಮೆರಾಗಳಂತೆ 239.192.40ರ ಸಾಲಿಗೆ ಬದಲಿಸಿ, ಪ್ರತಿಯೊಂದಕ್ಕೂ ಬೇರೆಬೇರೆ ಕೊನೆಯ ಅಂಕಿ ಕೊಡಿ. ಉದಾಹರಣೆಗೆ 239.192.40.31 ಎಂಬುದು `01:00:5e:40:28:1f` ಆಗುತ್ತದೆ. ಅದು ಮೀಸಲು ಗುಂಪಿನಿಂದ ದೂರವಿದೆ. ಆ ಸಾಲು ಸಂಸ್ಥೆಯೊಳಗಿನ ಬಳಕೆಗೆಂದೇ 1998ರಲ್ಲಿ ಗೊತ್ತುಪಡಿಸಿದ 239.192.0.0/14ರೊಳಗೆ ಬರುತ್ತದೆ. ಇದೇ ಕಾರಣಕ್ಕೆ ಮುಂದೆಯೂ 239.0.0 ಮತ್ತು 239.128.0 ಸಾಲುಗಳನ್ನು ಬಳಸಬೇಡಿ; ಎರಡನೆಯದರಲ್ಲಿ 128ನ್ನು ಸೂಚಿಸುವ ಬಿಟ್ ಕಳೆದುಹೋಗುವ ಐದರಲ್ಲಿ ಒಂದಾದ್ದರಿಂದ ಅದೂ ಅಲ್ಲಿಗೇ ಬಂದು ಬೀಳುತ್ತದೆ. ಕ್ಯಾಮೆರಾದಲ್ಲಿ ಬದಲಿಸಿದ ಮೇಲೆ ರೆಕಾರ್ಡರ್‌ನಲ್ಲೂ ಹೊಸ ವಿಳಾಸ ಹೋಗಿದೆಯೇ ಎಂದು ನೋಡಿ. ಕೆಲವು ರೆಕಾರ್ಡರ್‌ಗಳು ಕ್ಯಾಮೆರಾವನ್ನು ಅಳಿಸಿ ಮತ್ತೆ ಸೇರಿಸುವವರೆಗೆ ಹಳೆಯ ಗುಂಪನ್ನೇ ಕೇಳುತ್ತಿರುತ್ತವೆ.

ಎಲ್ಲ ಮುಗಿದ ಮೇಲೆ ಮತ್ತೆ ಆ ಲ್ಯಾಪ್‌ಟಾಪನ್ನು ಪ್ರಿಂಟರ್‌ನ ಪೋರ್ಟ್‌ಗೆ ಹಾಕಿ ನೋಡಿ:

```
tcpdump -ni eth0 'udp and net 239.0.0.0/8'
```

`tcpdump` ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡ್ ತನಗೆ ಸಂಬಂಧಿಸದ ಫ್ರೇಮ್‌ಗಳನ್ನೂ ಒಳಗೆ ಬಿಟ್ಟುಕೊಳ್ಳುವಂತೆ ಮಾಡುವುದರಿಂದ, ಹರಿದು ಬರುತ್ತಿರುವುದೆಲ್ಲ ಇಲ್ಲಿ ಕಾಣುತ್ತದೆ. ಸಾಧನಗಳನ್ನು ಹುಡುಕಲು ಬಳಸುವ 239.255.255.250ರ ಒಂದೆರಡು ಪ್ಯಾಕೆಟ್‌ಗಳು ಆಗಾಗ ಕಂಡರೆ ಅದು ಸಹಜ. 239.192.40ರ ಸಾಲುಗಳು ಒಂದರ ಮೇಲೊಂದು ಓಡುತ್ತಿದ್ದರೆ ಯಾವ ಗುಂಪು ಎಂದು ನೋಡಿ, ಆ ಸ್ವಿಚ್‌ನ ಪಟ್ಟಿಯಲ್ಲಿ ಅದರ ನಮೂದಿದೆಯೇ ಎಂದು ಹುಡುಕಿ. ನಮೂದು ಇಲ್ಲದಿದ್ದರೆ ತಡೆಯ ಆಯ್ಕೆ ಆ ಸ್ವಿಚ್‌ನಲ್ಲಿ ಹಾಕಿಲ್ಲ.

ಇಷ್ಟಾದ ಮೇಲೂ ದಿನದ ಕೆಲವು ಹೊತ್ತಿನಲ್ಲಿ ಮಾತ್ರ, ಅದರಲ್ಲೂ ಜನ ಕಂಪ್ಯೂಟರ್ ಆನ್ ಮಾಡುವ ಮತ್ತು ಆಫ್ ಮಾಡುವ ಹೊತ್ತಿನಲ್ಲಿ, ಕೆಲವು ನಿಮಿಷ ವಿಡಿಯೋ ಎಲ್ಲೆಡೆ ಹರಿದು ಮತ್ತೆ ಸರಿಹೋಗುತ್ತಿದ್ದರೆ ಸ್ಪ್ಯಾನಿಂಗ್ ಟ್ರೀ ಕಡೆಗೆ ನೋಡಿ. ಜಾಲದ ಆಕಾರ ಬದಲಾಯಿತು ಎಂಬ ಸೂಚನೆ ಬಂದಾಗ, ನೋಡುಗರು ಬೇರೆ ಪೋರ್ಟ್‌ನ ಹಿಂದೆ ಹೋಗಿರಬಹುದು ಎಂದು ಊಹಿಸಿ ಅನೇಕ ಸ್ವಿಚ್‌ಗಳು ಹೊಸ ರಿಪೋರ್ಟ್‌ಗಳು ಬರುವವರೆಗೆ ಮಲ್ಟಿಕಾಸ್ಟನ್ನು ಬೇಕೆಂದೇ ಎಲ್ಲೆಡೆ ಹರಿಸುತ್ತವೆ. ಸಿಸ್ಕೊ ಸ್ವಿಚ್‌ಗಳಲ್ಲಿ ಇದು ಎರಡು ಕ್ವೆರಿಗಳು ಬರುವವರೆಗೆ ನಡೆಯುತ್ತದೆ. ಕಂಪ್ಯೂಟರ್ ಇರುವ ಪೋರ್ಟನ್ನು ಅಂಚಿನ ಪೋರ್ಟ್ ಎಂದು ಗುರುತಿಸದಿದ್ದರೆ ಒಂದು ಕಂಪ್ಯೂಟರ್ ಆಫ್ ಆಗುವುದೂ ಜಾಲದ ಆಕಾರ ಬದಲಾದಂತೆ ಲೆಕ್ಕವಾಗುತ್ತದೆ. ಸ್ವಿಚ್‌ಗಳ ನಡುವಿನ ಕೊಂಡಿಗಳನ್ನು ಬಿಟ್ಟು, ಕಂಪ್ಯೂಟರ್, ಕ್ಯಾಮೆರಾ, ಪ್ರಿಂಟರ್ ಇರುವ ಪ್ರತಿ ಪೋರ್ಟ್‌ಗೂ ಇದನ್ನು ಹಾಕಿದರೆ ಆ ಬೆಳಗಿನ ಮತ್ತು ಸಂಜೆಯ ಹರಿವು ನಿಲ್ಲುತ್ತದೆ:

```
spanning-tree portfast
```